ಪಂದಿ ಕರಿ ಊರಲ್ಲಿ ಕ್ಯಾಪ್ಸೂಲ್ ಸಿಪ್ಪೆಯ ಲೆಕ್ಕ

ಸೋಮವಾರಪೇಟೆಯಲ್ಲಿ ಮೆಡಿಕಲ್ ಇಟ್ಟು 19 ವರ್ಷ ಆಯಿತು. ಕ್ಯಾಪ್ಸೂಲ್ ಸಿಪ್ಪೆಗೆ ಬಳಸೋ, ಪ್ರಾಣಿಗಳ ಮೂಳೆ-ಚರ್ಮದಿಂದ ಬರೋ ಜೆಲಾಟಿನ್ ಬೇಡ ಅನ್ನೋರಿಗೆ ಬೇರೆ ಔಷಧಿ ಹುಡುಕಿ ಕೊಡ್ತೀನಿ ಅಂದಾಗ ಹೋಲ್‌ಸೇಲ್‌ನವರು ನಕ್ಕರು. "ಪಂದಿ ಕರಿ ತಿನ್ನೋ ಜಿಲ್ಲೇಲಿ ಇದನ್ನೆಲ್ಲ ಯಾರು ಕೇಳ್ತಾರೆ ಮಾರಾಯ್ರೇ?" ಅಂದರು. ನಮ್ಮ ಕಡೆ ಲಿಂಗಾಯತರು ಎಷ್ಟಿದ್ದಾರೆ ಅಂತ ಅವರಿಗೇನು ಗೊತ್ತು! ಮುಸ್ಲಿಂ ಗಿರಾಕಿಗಳೂ ಕೇಳ್ತಾರೆ.

ಮೊದಲು ಎಡವಿದ್ದು ನಾನೇ. ಒಬ್ಬ ಅಜ್ಜಿಗೆ ಎದೆಯುರಿಗೆ ಒಮೆಪ್ರಜೋಲ್ ಕ್ಯಾಪ್ಸೂಲ್ ಬರೆದಿದ್ದರು. "ಸಿಪ್ಪೆ ಮೂಳೆದಂತಲ್ಲಪ್ಪಾ, ಹೆಂಗ್ ನುಂಗ್ಲಿ?" ಅಂದರು. ಬಿಚ್ಚಿ ಒಳಗಿನದನ್ನಷ್ಟೇ ತಗೊಳ್ಳಿ ಅಂದುಬಿಟ್ಟೆ. ಅಜ್ಜಿ ಆ ಸಾಸಿವೆಯಂಥ ಕಾಳುಗಳನ್ನು ಕಲ್ಲಲ್ಲಿ ಅರೆದು ಕುಡಿದಿದ್ದಾರೆ! ಹೊಟ್ಟೆಯ ಆಸಿಡ್ ತಾಗಬಾರದು ಅಂತಲೇ ಆ ಕಾಳುಗಳಿಗೆ ಲೇಪ ಇರೋದು. ಅರೆದರೆ ಔಷಧಿ ಹೊಟ್ಟೆಯಲ್ಲೇ ಕೆಡುತ್ತದೆ. ಹತ್ತು ದಿನ ಉರಿ ಒಂಚೂರೂ ಇಳಿಯಲಿಲ್ಲ. ಬೈಗುಳ ನನಗೆ.

ಡಾಕ್ಟರ ಚೀಟಿ ಇದ್ದರಷ್ಟೇ ಕೊಡೋ ಶೆಡ್ಯೂಲ್ ಎಚ್ ಔಷಧಿ, ನಾವೇ ಬದಲಾಯಿಸೋ ಹಾಗಿಲ್ಲ ಅಲ್ವಾ. ಡಾಕ್ಟರಿಗೆ ಫೋನ್ ಮಾಡಿದೆ. ಪ್ಯಾಂಟೊಪ್ರಜೋಲ್ 40 ಮಾತ್ರೆ ಬರೆದುಕೊಟ್ಟರು. ಅದರಲ್ಲಿ ಜೆಲಾಟಿನ್ ಇಲ್ಲ ಅಂತ ಕಂಪನಿಯಿಂದ ಬರಹದಲ್ಲಿ ತರಿಸಿಕೊಂಡೆ. ಇದನ್ನೂ ಅರೆಯಬೇಡಿ, ಇಡಿಯಾಗಿ ನುಂಗಿ ಅಂತ ಎರಡು ಸಲ ಹೇಳಿ ಕಳಿಸಿದೆ. ವಾರದೊಳಗೆ ಉರಿ ಇಳಿಯಿತು. ಕಂಪನಿಯವರು ಬೇಗ ಉತ್ತರ ಕೊಡೋ ಹಾಗೆ ಹೇಗೆ ಕೇಳಬೇಕು ಅನ್ನೋದು ಮಾತ್ರ ನನ್ನ ಗುಟ್ಟು, ಇಲ್ಲಿ ಹೇಳಲ್ಲ.

ಆಮೇಲೆ ಅದೇ ಅಜ್ಜಿಯ, ವಾರಕ್ಕೊಂದು ನುಂಗೋ 60,000 ಯೂನಿಟ್‌ನ ವಿಟಮಿನ್ ಡಿ3. ಮೆತ್ತನೆ ಕ್ಯಾಪ್ಸೂಲ್ ಬದಲು ಪುಡಿ ಸ್ಯಾಶೆ ಬರೆಸಿದೆ. ಹುರುಪಲ್ಲಿ ಒಂದೇ ಸಲ ಜಾಸ್ತಿ ಸ್ಯಾಶೆ ತರಿಸಿ, ಎಕ್ಸ್‌ಪೈರಿ ಆಗಿ ಆರೇಳು ಸಾವಿರ ಹೋಯಿತು. ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬರುತ್ತೆ ಅಂತಲೂ ಅಜ್ಜಿಗೆ ಹೇಳಿದೆ. "ಕುರಿ ಬದುಕೇ ಇರುತ್ತಲ್ಲ, ಬಿಡಪ್ಪಾ" ಅಂದರು.

ಸುಮ್ನೆ ಕುತೂಹಲಕ್ಕೆ ಖಾಲಿ ಸಿಪ್ಪೆಗಳನ್ನೂ ಪರೀಕ್ಷೆ ಮಾಡಿದ್ದೇನೆ. ಮಳೆಗಾಲದ ತಣ್ಣೀರಲ್ಲಿ ಹಾಕಿಟ್ಟರೆ ಜೆಲಾಟಿನ್ ಉಬ್ಬಿ ಮೆತ್ತಗಾಗುತ್ತೆ, ಕರಗಲ್ಲ. ಬಿಸಿನೀರಲ್ಲಿ ಬೇಗ ಕರಗುತ್ತೆ. ಗಿಡಮೂಲದ ಎಚ್‌ಪಿಎಂಸಿ ಸಿಪ್ಪೆ ತಣ್ಣೀರಲ್ಲೇ ಕರಗುತ್ತೆ. ಸುಟ್ಟರೆ ಜೆಲಾಟಿನ್ ಕೂದಲು ಸುಟ್ಟ ವಾಸನೆ, ಇನ್ನೊಂದು ಕಾಗದದ ಹಾಗೆ. ಅಂಗಡಿ ಹುಡುಗ ಮೂಗು ಮುಚ್ಚಿಕೊಂಡು ಹೊರಗೆ ಓಡಿದ.

ಆದರೆ ಜೆಲಾಟಿನ್ ದನದ್ದೋ ಹಂದಿದೋ ಅಂತ ವಾಸನೆ ಹೇಳಲ್ಲ. ಸ್ಟ್ರಿಪ್ಪಲ್ಲೂ ‘ಹಾರ್ಡ್ ಜೆಲಾಟಿನ್ ಕ್ಯಾಪ್ಸೂಲ್’ ಅಂತಷ್ಟೇ ಇರುತ್ತೆ. ಅದಕ್ಕೇ ಮುಸ್ಲಿಂ ಗಿರಾಕಿಗಳಿಗೆ ಆ ಪರೀಕ್ಷೆ ನಂಬಿ ಏನೂ ಹೇಳಲ್ಲ. ಡಾಕ್ಟರಿಗೆ ಫೋನ್ ಮಾಡಿ ಮಾತ್ರೆಯನ್ನೋ ಸಿರಪ್ಪನ್ನೋ ಬರೆಸುತ್ತೇನೆ. ಸಿರಪ್ಪಾದರೆ ಆಲ್ಕೋಹಾಲ್ ಎಷ್ಟು ಶೇಕಡಾ ಅಂತ ಲೇಬಲ್ ಓದಿದ ಮೇಲೇ ಕೊಡೋದು.