ನಾನೂರು ಪುಟದ ವಿಶ್ವೇಶ್ವರಯ್ಯನವರನ್ನು ಐದು ಫಲಕಕ್ಕೆ ಇಳಿಸಿದ್ದು

ಸೆಪ್ಟೆಂಬರ್ 15ಕ್ಕೆ ಎಂಜಿನಿಯರ್‌ಗಳ ದಿನ. ನಮ್ಮ ಹೈಸ್ಕೂಲಿನ ವರಾಂಡದಲ್ಲಿ ಸರ್‌ಎಂವಿ ಅವರ ಜೀವನವನ್ನು ಐದು ಫಲಕಗಳಲ್ಲಿ ಬರೆದು ನಿಲ್ಲಿಸಬೇಕು ಅಂತ ಹೆಡ್‌ಮಾಸ್ಟರು ಹೇಳಿದರು. ಒಂದು ಫಲಕಕ್ಕೆ ನೂರಿಪ್ಪತ್ತು ಪದ, ಅದಕ್ಕಿಂತ ಜಾಸ್ತಿ ಬರೆದರೆ ಹುಡುಗರು ನಿಂತು ಓದಲ್ಲ. ಕೈಯಲ್ಲಿದ್ದದ್ದು ನಾನೂರು ಪುಟ ಮೀರಿದ ಒಂದು ಜೀವನ ಚರಿತ್ರೆ. ಕನ್ನಡ ಮೇಷ್ಟ್ರು ತಾನೇ, ಎರಡು ದಿನದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪುಸ್ತಕ ಓದುತ್ತಾ ಹೋದೆ, ಪ್ರತಿ ಅಧ್ಯಾಯಕ್ಕೆ ನಾಲ್ಕೈದು ಸಾಲು ಬರೆದೆ, ಆಮೇಲೆ ಆ ಸಾಲುಗಳನ್ನೆಲ್ಲ ಜೋಡಿಸಿ ಇನ್ನಷ್ಟು ಕತ್ತರಿಸಿದೆ. ಓದಲು ಚೆನ್ನಾಗೇ ಇತ್ತು. ನಮ್ಮ ಬೀದಿಯಲ್ಲಿ ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರಿದ್ದಾರೆ, ಅವರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಕೇಳಿದರು: "ಏನ್ ಮೇಷ್ಟ್ರೇ, ಹೈದರಾಬಾದಿನ ಕೆರೆ ಕಟ್ಟಿ ಮುಗಿದ ಮೇಲೆ ಇವರು ಮೈಸೂರಿಗೆ ಬಂದ್ರಾ?"

ನೋಡಿದರೆ ಹೌದು, ಹಾಗೇ ಬರೆದಿದ್ದೆ. ಮೂಸಿ ನದಿಯ ಪ್ರವಾಹ 1908ರ ಸೆಪ್ಟೆಂಬರಿನದು. ಸರ್‌ಎಂವಿ ಹೈದರಾಬಾದಿಗೆ ಹೋಗಿ ಯೋಜನೆ ಹಾಕಿಕೊಟ್ಟದ್ದು 1909ರಲ್ಲಿ. ಆ ಯೋಜನೆಯ ಎರಡು ಕೆರೆಗಳಲ್ಲಿ ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ಪುಸ್ತಕದ ಲೇಖಕರು ಹೈದರಾಬಾದಿನ ಕಥೆಯನ್ನು ಒಂದೇ ಅಧ್ಯಾಯದಲ್ಲಿ ಕೊನೆಯವರೆಗೂ ಹೇಳಿ ಮುಗಿಸಿದ್ದಾರೆ. ಮುಂದಿನ ಅಧ್ಯಾಯ ಮತ್ತೆ 1909ರ ನವೆಂಬರಿಗೆ ಹಿಂದಿರುಗಿ, ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದನ್ನು ಹೇಳುತ್ತದೆ. ಪುಸ್ತಕದಲ್ಲಿ ಅದು ತಪ್ಪಲ್ಲ, ಓದುವವರಿಗೆ ಹಿಂದೆ ಮುಂದೆ ಓಡಾಡಲು ಅಲ್ಲಿ ಜಾಗ ಇದೆ. ನಾನು ಅದನ್ನು ನಾಲ್ಕು ಸಾಲಿಗೆ ಇಳಿಸಿದಾಗ ವರ್ಷಗಳು ಬಿದ್ದುಹೋದವು, ಪುಟದ ಕ್ರಮ ಮಾತ್ರ ಉಳಿಯಿತು.

ಅವತ್ತು ರಾತ್ರಿಯೇ ಆ ಕರಡನ್ನು ಬದಿಗಿಟ್ಟು ಚೀಟಿ ಕತ್ತರಿಸಲು ಕುಳಿತೆ. ಹಳೇ ಉತ್ತರಪತ್ರಿಕೆಗಳ ಖಾಲಿ ಬದಿ, ಅಂಗೈ ಅಗಲದ ಚೀಟಿಗಳು. ನಿಯಮ ಒಂದೇ: ಒಂದು ಚೀಟಿಗೆ ಒಂದೇ ಘಟನೆ. ಮೇಲಿನ ಬಲ ಮೂಲೆಯಲ್ಲಿ ವರ್ಷ, ತಿಂಗಳು ಗೊತ್ತಿದ್ದರೆ ತಿಂಗಳು. ಕೆಳಗೆ ಪುಸ್ತಕದ ಪುಟ ಸಂಖ್ಯೆ. ನಡುವೆ ಒಂದೇ ಒಂದು ಕ್ರಿಯಾಪದ ಇರುವ ಚಿಕ್ಕ ವಾಕ್ಯ. "ಹೈದರಾಬಾದಿಗೆ ಹೋಗಿ ಯೋಜನೆ ಕೊಟ್ಟು ಕೆರೆ ಕಟ್ಟಿಸಿದರು" ಅಂತ ಬರೆಯುವ ಹಾಗಿಲ್ಲ. ಅದು ಮೂರು ಚೀಟಿ, ಮೂರಕ್ಕೂ ಒಂದೇ ವರ್ಷವಲ್ಲ. ಪುಸ್ತಕದಲ್ಲಿ "ಮುಂದೆ ಕೆಲವು ವರ್ಷಗಳ ನಂತರ" ಅಂತ ಇದ್ದರೆ ನನ್ನ ಲೆಕ್ಕ ಹಾಕಿ ವರ್ಷ ತುಂಬಿಸಲಿಲ್ಲ. "1909ರ ಮೇಲೆ, 1912ರ ಒಳಗೆ" ಅಂತ ಎರಡು ಕಡೆಯ ಗಡಿ ಮಾತ್ರ ಬರೆದೆ. ಗಡಿಯೂ ಸಿಗದ ಚೀಟಿಗಳನ್ನು ಒಂದು ಹಳೇ ಮದುವೆ ಕಾಗದದ ಲಕೋಟೆಗೆ ಹಾಕಿದೆ.

ನೂರರವತ್ತರ ಹತ್ತಿರ ಚೀಟಿ ಆದವು. ಭಾನುವಾರ ನಡುಮನೆಯಲ್ಲಿ ಚಾಪೆ ಹಾಸಿ, ಫ್ಯಾನ್ ಆರಿಸಿ, ವರ್ಷದ ಪ್ರಕಾರ ಸಾಲಾಗಿ ಹರಡಿದೆ. ಪುಸ್ತಕದಲ್ಲಿ ಕಾಣದ ಸಂಗತಿಗಳು ನೆಲದ ಮೇಲೆ ಕಂಡವು. ಮೈಸೂರು ಆರ್ಥಿಕ ಸಮ್ಮೇಳನದ ಚೀಟಿ 1911ರಲ್ಲಿ ಕೂತಿತ್ತು. ಅಂದರೆ ಅವರು ಇನ್ನೂ ಮುಖ್ಯ ಎಂಜಿನಿಯರ್ ಆಗಿದ್ದಾಗ. ನಾನಂತೂ ಅದನ್ನು ದಿವಾನಗಿರಿಯ ಸಾಧನೆ ಅಂತಲೇ ಪಾಠ ಮಾಡಿಕೊಂಡು ಬಂದಿದ್ದೆ! ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಚೀಟಿಗಳು ಎರಡು ಗುಂಪಾಗಿ ಒಡೆದವು. ಯೋಜನೆ ಅವರು ದಿವಾನರಾಗಿದ್ದಾಗಿನದು. ಅದನ್ನು ಮುಂದೆ ನಿಂತು ನಡೆಸಿದ್ದು 1923ರಿಂದ 1929ರವರೆಗೆ, ದಿವಾನಗಿರಿ ಬಿಟ್ಟು ವರ್ಷಗಳಾದ ಮೇಲೆ.

ಇನ್ನು ಘಟ್ಟಗಳು ಎಲ್ಲಿ ಒಡೆಯಬೇಕು ಅನ್ನುವುದು. ಬಾಲ್ಯ, ಯೌವನ, ಮಧ್ಯವಯಸ್ಸು, ಮುಪ್ಪು ಅಂತ ಮಾಡಿ ನೋಡಿದೆ, ಹೊಂದಲಿಲ್ಲ. ನೂರು ವರ್ಷ ಬದುಕಿದವರ ಮುಪ್ಪು ಎಲ್ಲಿಂದ ಶುರು ಹೇಳಿ? ಹತ್ತು ಹತ್ತು ವರ್ಷಕ್ಕೆ ಒಡೆದರೆ ದಿವಾನಗಿರಿ ನಡುವೆಯೇ ತುಂಡಾಗದಿದ್ದರೂ ಅದರ ಜೊತೆಗೆ ಬೇರೆಯದೂ ಬಂದು ಸೇರಿಕೊಳ್ಳುತ್ತದೆ. ಕೊನೆಗೆ ನಾನು ನೋಡಿದ್ದು ಅವರು ಯಾರ ಕೆಲಸದಲ್ಲಿ, ಯಾವ ಹುದ್ದೆಯಲ್ಲಿದ್ದರು ಅನ್ನುವುದನ್ನು. ಅದು ಬದಲಾದಾಗ ಊರೋ, ಕೈಯಲ್ಲಿರುವ ಅಧಿಕಾರವೋ ಬದಲಾಗುತ್ತದೆ. 1884ರವರೆಗೆ ಓದು: ಮುದ್ದೇನಹಳ್ಳಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಪುಣೆ. 1884ರಿಂದ 1908ರವರೆಗೆ ಮುಂಬಯಿ ಸರ್ಕಾರದ ಕೆಲಸ. 1909ರಿಂದ 1912ರವರೆಗೆ ಹೈದರಾಬಾದು, ಆಮೇಲೆ ಮೈಸೂರಿನ ಮುಖ್ಯ ಎಂಜಿನಿಯರ್. 1912ರಿಂದ 1918ರವರೆಗೆ ದಿವಾನರು. ಆಮೇಲೆ ಕೊನೆಯವರೆಗೆ. ಹೀಗೆ ಐದು.

ಈ ಐದರ ಅಗಲ ನೋಡಿ. ದಿವಾನಗಿರಿ ಆರು ವರ್ಷ, ಅದರ ನಂತರ ಅವರು ಬದುಕಿದ್ದು ನಲವತ್ತು ವರ್ಷಕ್ಕೂ ಮೇಲೆ. ನಾನು ಓದಿದ ಪುಸ್ತಕದಲ್ಲಿ ಮಾತ್ರ ಆರು ವರ್ಷಕ್ಕೆ ನೂರೈವತ್ತು ಪುಟ, ನಲವತ್ತು ವರ್ಷಕ್ಕೆ ಮೂವತ್ತೈದು ಪುಟ. ನನ್ನ ಮೊದಲ ಕರಡಿನಲ್ಲೂ ಅದೇ ಅಳತೆ ಬಂದಿತ್ತು, ಓದಿದವರಿಗೆ ಅವರು ರಾಜೀನಾಮೆ ಕೊಟ್ಟು ಸ್ವಲ್ಪ ದಿನಕ್ಕೇ ಭಾರತ ರತ್ನ ಬಂತೇನೋ ಅನಿಸುವ ಹಾಗೆ. ಪುಟದ ಲೆಕ್ಕಕ್ಕೂ ಸಮನಲ್ಲದೆ, ವರ್ಷದ ಲೆಕ್ಕಕ್ಕೂ ಸಮನಲ್ಲದೆ ಒಂದು ರಾಜಿ ಮಾಡಿಕೊಂಡೆ. ಕೊನೆಯ ಫಲಕದಲ್ಲಿ ಮೂರು ವರ್ಷಗಳನ್ನು ಗೂಟದ ಹಾಗೆ ನೆಟ್ಟೆ: 1923 ಭದ್ರಾವತಿ, 1934 ಯೋಜಿತ ಅರ್ಥವ್ಯವಸ್ಥೆ ಬಗ್ಗೆ ಅವರು ಬರೆದ ಪುಸ್ತಕ, 1955 ಭಾರತ ರತ್ನ. ನಡುವೆ ಎಷ್ಟು ಕಾಲ ಹೋಯಿತು ಅಂತ ಓದುವವರಿಗೆ ತಾನಾಗಿ ಗೊತ್ತಾಗುತ್ತದೆ.

ಕನ್ನಂಬಾಡಿ ಕಟ್ಟೆ ನನ್ನನ್ನು ಜಾಸ್ತಿ ಕಾಡಿತು. ಕೆಲಸ ಶುರುವಾದದ್ದು 1911ರಲ್ಲಿ, ಅದು ಮೂರನೇ ಫಲಕ. ದಿವಾನಗಿರಿಯ ಉದ್ದಕ್ಕೂ ನಡೆಯಿತು, ಅದು ನಾಲ್ಕನೆಯದು. ಮುಗಿದದ್ದು 1930ರ ದಶಕದ ಆರಂಭದಲ್ಲಿ, ಅದು ಐದನೆಯದು. ಎಲ್ಲಿ ಹಾಕುವುದು? ಪೂರ್ತಿ ಕಥೆಯನ್ನು ಒಂದೇ ಕಡೆ ಹಾಕಿದರೆ ಹೈದರಾಬಾದಿನ ತಪ್ಪೇ ಮತ್ತೆ ಬರುತ್ತದೆ. ಹಾಗಾಗಿ ಮೂರು ಕಡೆ ಮೂರು ಚಿಕ್ಕ ವಾಕ್ಯ ಬರೆದೆ: ಕೆಲಸ ಶುರುವಾಯಿತು, ಕಟ್ಟೆ ಏಳುತ್ತಿತ್ತು, ಕಟ್ಟೆ ಮುಗಿಯಿತು. ಹತ್ತು ಪದ ಜಾಸ್ತಿ ಖರ್ಚಾಯಿತು. ಆದರೆ "ಸರ್‌ಎಂವಿ ದಿವಾನರಾಗಿದ್ದಾಗ ಕಟ್ಟೆ ಕಟ್ಟಿ ಮುಗಿಸಿದರು" ಅನ್ನುವ ಮಾತಿಗೆ ಜಾಗ ಉಳಿಯಲಿಲ್ಲ.

ಕ್ರಮ ಸರಿಯಾಯಿತು, ಇನ್ನೇನು ಚೀಟಿಗಳನ್ನು ವಾಕ್ಯ ಮಾಡಿದರೆ ಮುಗಿಯಿತು ಅಂದುಕೊಂಡೆ. ಅಲ್ಲೇ ಮತ್ತೆ ಎಡವಿದ್ದು, ಅದೂ ಕನ್ನಡದಿಂದಲೇ. ನಾನು ಬರೆದ ಒಂದು ವಾಕ್ಯ ಹೀಗಿತ್ತು: "ಮೈಸೂರಿನ ದಿವಾನರಾಗಿ, ಆರ್ಥಿಕ ಸಮ್ಮೇಳನ ಆರಂಭಿಸಿ, ಭದ್ರಾವತಿ ಕಾರ್ಖಾನೆ ನಡೆಸಿ, 1918ರಲ್ಲಿ ರಾಜೀನಾಮೆ ಕೊಟ್ಟರು." ಇದರಲ್ಲಿ ಇರುವ ವರ್ಷ ಒಂದೇ, ಅದು ಸರಿಯಾಗೇ ಇದೆ. ಆದರೂ ವಾಕ್ಯ ಪೂರ್ತಿ ಸುಳ್ಳು. ನಮ್ಮಲ್ಲಿ "ಆಗಿ, ಮಾಡಿ, ನಡೆಸಿ" ಅಂತ ಪೋಣಿಸಿದರೆ ಸಾಕು, ಒಂದಾದ ಮೇಲೆ ಒಂದು ನಡೆಯಿತು ಅಂತ ಓದುವವರು ತಿಳಿದುಕೊಳ್ಳುತ್ತಾರೆ. "ಊಟ ಮಾಡಿ ಕೈ ತೊಳೆದು ಮಲಗಿದ" ಅಂದರೆ ಯಾವುದು ಮೊದಲು ಅಂತ ಯಾರಾದರೂ ಕೇಳುತ್ತಾರಾ? ಸಂಕ್ಷೇಪ ಮಾಡುವಾಗ ಪದ ಉಳಿಸಲು ಮೊದಲು ಕೈಗೆ ಬರುವುದೇ ಈ "ಇ"ಕಾರದ ಸರಪಳಿ. ನನ್ನ ವಾಕ್ಯದಲ್ಲಿ 1912, 1911, 1923, 1918 ಒಂದೇ ದಾರಕ್ಕೆ ಬಿದ್ದಿದ್ದವು. ಇದಾದ ಮೇಲೆ ಇಂಥ ಸರಪಳಿ ಕಂಡಾಗಲೆಲ್ಲ ಪ್ರತಿ ಕೊಂಡಿಯ ಮೇಲೆ ಪೆನ್ಸಿಲಿನಲ್ಲಿ ವರ್ಷ ಬರೆದು ನೋಡಿದೆ. ಎಡದಿಂದ ಬಲಕ್ಕೆ ಸಂಖ್ಯೆ ಏರುತ್ತಿದ್ದರೆ ಸರಪಳಿ ಇರಲಿ, ಇಲ್ಲದಿದ್ದರೆ ಒಡೆದು ಎರಡು ವಾಕ್ಯ.

ಇನ್ನೊಂದು ಇನ್ನೂ ಚಿಕ್ಕದು. ಪುಸ್ತಕದಲ್ಲಿ ಕನ್ನಂಬಾಡಿಯ ಹಿನ್ನೆಲೆ ಹೇಳುವಾಗ, ಶಿವನಸಮುದ್ರದಲ್ಲಿ ಆಗಲೇ ವಿದ್ಯುತ್ ಉತ್ಪಾದನೆ "ಶುರುವಾಗಿತ್ತು" ಅಂತ ಇದೆ. ಅದು 1902ರ ಮಾತು, ಸರ್‌ಎಂವಿ ಆಗ ಮುಂಬಯಿ ಸರ್ಕಾರದಲ್ಲಿದ್ದರು. ನಾನು ವಾಕ್ಯ ಚಿಕ್ಕದು ಮಾಡುವ ಭರದಲ್ಲಿ "ಆಗಲೇ" ತೆಗೆದು "ಶುರುವಾಯಿತು" ಅಂತ ಬರೆದಿದ್ದೆ. ಅಷ್ಟಕ್ಕೇ ಶಿವನಸಮುದ್ರ ಕನ್ನಂಬಾಡಿಯ ನಂತರಕ್ಕೆ ಬಂದು ಕೂತಿತು, ಜೊತೆಗೆ ಅದರ ಶ್ರೇಯಸ್ಸೂ ಇವರ ಪಾಲಿಗೆ ಹೋಯಿತು. "ಇತ್ತು, ಇದ್ದರು, ಆಗಲೇ, ಅಷ್ಟರಲ್ಲಿ" ಇವನ್ನೆಲ್ಲ ಸುಮ್ನೆ ಜೊಳ್ಳು ಅಂತ ಉದುರಿಸುವ ಚಾಳಿ ನನಗೆ ಮೊದಲಿಂದಲೂ ಇದೆ. ಈ ಕೆಲಸದಲ್ಲಿ ಅವೇ ಕಾಳು.

ಕೊನೆಗೆ ವಯಸ್ಸಿನಿಂದ ತಾಳೆ ನೋಡಿದೆ. ಪ್ರತಿ ಚೀಟಿಯ ಹಿಂದೆ ಘಟನೆಯ ವರ್ಷದಿಂದ ಹುಟ್ಟಿದ ವರ್ಷ ಕಳೆದು ವಯಸ್ಸು ಬರೆಯುವುದು, ಪುಸ್ತಕದಲ್ಲಿ ಹೇಳಿದ ವಯಸ್ಸಿಗೆ ಹೋಲಿಸುವುದು. ಅಲ್ಲಲ್ಲಿ ಒಂದು ವರ್ಷ ತಪ್ಪುತ್ತಿತ್ತು. ಕಾರಣ ಎರಡು. ಅವರು ಹುಟ್ಟಿದ್ದು 1860 ಅಂತ ಕೆಲವು ಕಡೆ, 1861 ಅಂತ ಕೆಲವು ಕಡೆ ಇದೆ. ಜೊತೆಗೆ ನಮ್ಮ ಕಡೆ ತುಂಬಿದ ವರ್ಷ ಹೇಳುವವರೂ ಇದ್ದಾರೆ, ನಡೆಯುತ್ತಿರುವ ವರ್ಷ ಹೇಳುವವರೂ ಇದ್ದಾರೆ. ಅವರ ಜನ್ಮ ಶತಮಾನೋತ್ಸವದ ಅಂಚೆಚೀಟಿ ಬಂದದ್ದು 1960ರ ಸೆಪ್ಟೆಂಬರ್ 15ಕ್ಕೆ. 1861 ಹಿಡಿದರೆ ಅವತ್ತು ತುಂಬಿದ್ದು ತೊಂಬತ್ತೊಂಬತ್ತು, ಕಾಲಿಟ್ಟದ್ದು ನೂರಕ್ಕೆ. ನಾನು 1861 ಇಟ್ಟುಕೊಂಡು ಫಲಕಗಳಿಂದ ವಯಸ್ಸನ್ನೆಲ್ಲ ತೆಗೆದುಹಾಕಿದೆ, ವರ್ಷ ಮಾತ್ರ ಬಿಟ್ಟೆ. ಒಂದು ವರ್ಷದ ವ್ಯತ್ಯಾಸ ಆದರೆ ಈ ಗೊಂದಲ, ಆರೇಳು ವರ್ಷ ತಪ್ಪಿದರೆ ಚೀಟಿಯೇ ತಪ್ಪು ಜಾಗದಲ್ಲಿದೆ ಅಂತ ಅರ್ಥ. ಅಂಥವು ಎರಡು ಸಿಕ್ಕವು, ಎರಡೂ ನಾನೇ ಅವಸರದಲ್ಲಿ ತಪ್ಪಾಗಿ ಬರೆದುಕೊಂಡವು.

ಲಕೋಟೆಯಲ್ಲಿ ಉಳಿದ ಚೀಟಿಗಳು ಹನ್ನೊಂದು. ರೈಲಿನಲ್ಲಿ ಹೋಗುವಾಗ ಹಳಿಯ ಸದ್ದು ಕೇಳಿ ಬಿರುಕು ಇದೆ ಅಂತ ಹೇಳಿದ ಕಥೆ, ಸರ್ಕಾರದ ಮೇಣದ ಬತ್ತಿ ಆರಿಸಿ ತಮ್ಮ ಸ್ವಂತದ್ದು ಹಚ್ಚಿದ ಕಥೆ, ಎಲ್ಲ ಅದರಲ್ಲಿವೆ. ಹುಡುಗರಿಗೆ ಇಷ್ಟವಾಗುವುದೂ ಅವೇ. ಆದರೆ ಯಾವ ವರ್ಷ, ಯಾವ ಊರು ಅನ್ನುವುದಕ್ಕೆ ನಾನು ಓದಿದ ಪುಸ್ತಕದಲ್ಲಿ ಗಡಿ ಸಿಗಲಿಲ್ಲ. ಯಾವ ಫಲಕಕ್ಕೆ ಹಾಕಿದರೂ ಆ ಘಟ್ಟದಲ್ಲಿ ನಡೆಯಿತು ಅಂತ ನಾನೇ ಹೇಳಿದ ಹಾಗಾಗುತ್ತದೆ, ಅಲ್ವಾ? ಹಾಕಲಿಲ್ಲ. ಸೆಪ್ಟೆಂಬರ್ 15ರ ಬೆಳಿಗ್ಗೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಐದೂ ಫಲಕ ಓದಿ ಮುಗಿಸಿ, "ಸಾರ್, ಕ್ಯಾಂಡಲ್ ಕಥೆ ಎಲ್ಲಿ?" ಅಂದ. ಅಲ್ಲೇ ವರಾಂಡದಲ್ಲಿ ನಿಲ್ಲಿಸಿಕೊಂಡು ಬಾಯಲ್ಲಿ ಹೇಳಿದೆ.