ಗೋಧಿ ಹಿಟ್ಟಿನ ತೇವಾಂಶ ಮತ್ತು ಬೂದಿ: ಸರಿಯಾಗಿ ಕಂಡ ಒಂದು ತಪ್ಪು ಅಂಕಿ

ಇಡಿ ಗೋಧಿಯ ಹಿಟ್ಟಿನ ಒಂದು ಮಾದರಿಯಲ್ಲಿ ಬೂದಿಯ ಪ್ರಮಾಣವನ್ನು, ಅಂದರೆ ಪೂರ್ತಿ ಸುಟ್ಟ ಮೇಲೆ ಉಳಿಯುವ ಖನಿಜದ ಪಾಲನ್ನು, ಶಾಖ ತಡೆಯುವ ಎರಡು ಪಿಂಗಾಣಿ ಬಟ್ಟಲುಗಳಾದ ಕ್ರೂಸಿಬಲ್‌ಗಳಲ್ಲಿ ಒಟ್ಟಿಗೆ ಅಳೆದಾಗ ನನಗೆ ಒಂದರಲ್ಲಿ ಶೇ. 1.58, ಇನ್ನೊಂದರಲ್ಲಿ ಶೇ. 1.79 ಬಂದಿತು. ಅದೇ ಹಿಟ್ಟಿನ ಹಳೆಯ ವರದಿಯಲ್ಲಿ ಶೇ. 1.79 ಎಂದೇ ಬರೆದಿದ್ದುದರಿಂದ ಎರಡನೆಯ ಕ್ರೂಸಿಬಲ್ ಸರಿ, ಮೊದಲನೆಯದರಲ್ಲಿ ಎಲ್ಲೋ ಬೂದಿ ಹಾರಿಹೋಗಿದೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಆ ತೀರ್ಮಾನ ಪೂರ್ತಿ ತಲೆಕೆಳಗಾಗಿತ್ತು. ಅದು ಹೇಗೆ ಎಂದು ಹೇಳಬೇಕಾದರೆ ತೇವಾಂಶದಿಂದಲೇ ಆರಂಭಿಸಬೇಕು, ಏಕೆಂದರೆ ಗೊಂದಲದ ಅರ್ಧ ಭಾಗ ಇದ್ದುದು ಅಲ್ಲಿಯೇ.

ತೇವಾಂಶಕ್ಕೆ ಮುಚ್ಚಳವಿರುವ ಅಲ್ಯೂಮಿನಿಯಂ ಬಟ್ಟಲುಗಳನ್ನು ಬಳಸಿದೆ. ಖಾಲಿ ಬಟ್ಟಲನ್ನೂ ಮುಚ್ಚಳವನ್ನೂ 105 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಒಂದು ಗಂಟೆ ಇಟ್ಟು, ಒಳಗಿನ ಗಾಳಿಯನ್ನು ಒಣದಾಗಿ ಇಡುವ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಆರಿಸಿ ತೂಗಿದ ಮೇಲೆಯೇ ಹಿಟ್ಟು ಹಾಕಿದ್ದು. ಹಿಟ್ಟು ಸುಮಾರು 5 ಗ್ರಾಂ. ಅದನ್ನು ಬಟ್ಟಲಿನ ತಳದಲ್ಲಿ ತೆಳುವಾಗಿ ಹರಡಿ, ಕೂಡಲೇ ಮುಚ್ಚಿ ತೂಗಿದೆ. ಹಿಟ್ಟು ಗಾಳಿಯೊಡನೆ ತೇವವನ್ನು ಕೊಡುವುದೂ ತೆಗೆದುಕೊಳ್ಳುವುದೂ ಇರುವುದರಿಂದ, ಬೂದಿಗೆ ಬೇಕಾದ ಹಿಟ್ಟನ್ನೂ ಅದೇ ಮುಚ್ಚಿದ ಜಾಡಿಯಿಂದ ಅದೇ ಹೊತ್ತಿನಲ್ಲಿ ತೂಗಿಟ್ಟುಕೊಂಡೆ. ಎರಡು ದಿನ ಬಿಟ್ಟು ತೂಗಿದ್ದರೆ ಒಂದರ ತೇವಾಂಶವನ್ನು ಇನ್ನೊಂದರ ಲೆಕ್ಕಕ್ಕೆ ಬಳಸುವ ಹಕ್ಕು ನನಗಿರುತ್ತಿರಲಿಲ್ಲ.

ಓವನ್ ಒಳಗೆ ಬಟ್ಟಲುಗಳ ಮುಚ್ಚಳ ತೆಗೆದು ಪಕ್ಕದಲ್ಲೇ ಇಡಬೇಕು. ಹೊರಗೆ ತೆಗೆಯುವ ಮುನ್ನ ಒಳಗೇ ಮುಚ್ಚಬೇಕು. ಮೂರು ಗಂಟೆಯಾದ ಮೇಲೆ ಮೊದಲ ಬಾರಿ ತೂಗಿದೆ. ಮೊದಲ ಬಟ್ಟಲಿನ ತೂಕಗಳು ಹೀಗಿದ್ದವು:

ಖಾಲಿ ಬಟ್ಟಲು: 24.3162 ಗ್ರಾಂ
ಬಟ್ಟಲು ಮತ್ತು ಹಿಟ್ಟು: 29.3378 ಗ್ರಾಂ
3 ಗಂಟೆಯ ನಂತರ: 28.7730 ಗ್ರಾಂ
4 ಗಂಟೆಯ ನಂತರ: 28.7612 ಗ್ರಾಂ
5 ಗಂಟೆಯ ನಂತರ: 28.7604 ಗ್ರಾಂ

ಮೂರು ಗಂಟೆಗೇ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿಯೇ ನೋಡಬಹುದು. ಆಗ ಕಳೆದುಹೋದ ತೂಕ 0.5648 ಗ್ರಾಂ, ತೇವಾಂಶ ಶೇ. 11.25. ನಾಲ್ಕನೆಯ ಗಂಟೆಯಲ್ಲಿ ಇನ್ನೂ 0.0118 ಗ್ರಾಂ ಹೋಯಿತು, ಐದನೆಯದರಲ್ಲಿ 0.0008 ಗ್ರಾಂ ಮಾತ್ರ. ಎರಡು ತೂಕಗಳ ನಡುವಿನ ವ್ಯತ್ಯಾಸ ಒಂದು ಮಿಲಿಗ್ರಾಂಗಿಂತ ಕಡಿಮೆಯಾದಾಗ ತೂಕ ಸ್ಥಿರವಾಯಿತು ಎಂದು ಇಟ್ಟುಕೊಂಡಿದ್ದರಿಂದ ಅಲ್ಲಿಗೆ ನಿಲ್ಲಿಸಿದೆ. ಲೆಕ್ಕ ಸರಳ:

ಹಿಟ್ಟಿನ ತೂಕ = 29.3378 − 24.3162 = 5.0216 ಗ್ರಾಂ
ಹೋದ ತೂಕ = 29.3378 − 28.7604 = 0.5774 ಗ್ರಾಂ
ತೇವಾಂಶ = 0.5774 ÷ 5.0216 × 100 = ಶೇ. 11.50

ಎರಡನೆಯ ಬಟ್ಟಲಿನಲ್ಲಿ 4.9938 ಗ್ರಾಂ ಹಿಟ್ಟು 0.5723 ಗ್ರಾಂ ಕಳೆದುಕೊಂಡಿತು, ಅಂದರೆ ಶೇ. 11.46. ಸರಾಸರಿ ಶೇ. 11.48.

ಈ ಹಂತದಲ್ಲಿ ನಾನು ಅತಿ ಹೆಚ್ಚು ಎಡವಿದ್ದು ಬಿಸಿ ಬಟ್ಟಲನ್ನು ಆತುರದಿಂದ ತೂಗುವುದರಲ್ಲಿ. ಬಿಸಿ ಪಾತ್ರೆಯ ಸುತ್ತಲಿನ ಗಾಳಿ ಕಾದು ಮೇಲಕ್ಕೆ ಏರುವಾಗ ಬ್ಯಾಲೆನ್ಸಿನ ತಟ್ಟೆಯನ್ನು ಸ್ವಲ್ಪ ಎತ್ತಿದಂತಾಗಿ ತೂಕ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಒಣಗಿದ ನಂತರದ ತೂಕ ಕಡಿಮೆ ಕಂಡರೆ ಹೋದ ತೂಕ ಹೆಚ್ಚಾಗಿ, ತೇವಾಂಶ ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ: ಬ್ಯಾಲೆನ್ಸಿನ ಕೊನೆಯ ಎರಡು ಅಂಕಿಗಳು ನಿಲ್ಲದೆ ಮೇಲಕ್ಕೆ ಹೋಗುತ್ತಲೇ ಇರುತ್ತವೆ. ಆದರೆ ಆರಿದ ಒಣ ಹಿಟ್ಟನ್ನು ಮುಚ್ಚಳವಿಲ್ಲದೆ ಬಿಟ್ಟಾಗಲೂ ಅದು ತೇವ ಹೀರಿ ಅಂಕಿಗಳು ಹೀಗೆಯೇ ಏರುತ್ತವೆ. ಆದ್ದರಿಂದ ಮುಚ್ಚಳ ಹಾಕಿಯೇ ತೂಗುವುದು, ಖಾಲಿ ಬಟ್ಟಲಿಗೆ ಕೊಟ್ಟಷ್ಟೇ ಹೊತ್ತನ್ನು, ನನ್ನಲ್ಲಿ ನಲವತ್ತೈದು ನಿಮಿಷ, ತುಂಬಿದ ಬಟ್ಟಲಿಗೂ ಡೆಸಿಕೇಟರ್‌ನಲ್ಲಿ ಕೊಡುವುದು ರೂಢಿಯಾಯಿತು. ಡೆಸಿಕೇಟರ್‌ನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ, ಅಂದರೆ ಅದು ತೇವ ತುಂಬಿಕೊಂಡಿದ್ದರೆ, ಆ ನಲವತ್ತೈದು ನಿಮಿಷಕ್ಕೂ ಅರ್ಥವಿಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಓವನ್ ಅಳೆಯುವುದು ನೀರನ್ನಲ್ಲ, ಆ ಬಿಸಿಗೆ ಹೋದ ಎಲ್ಲವನ್ನೂ. ಹಿಟ್ಟಿನಲ್ಲಿ ಹೋಗುವುದು ಬಹುಪಾಲು ನೀರೇ ಆದ್ದರಿಂದ ಇದು ನಡೆಯುತ್ತದೆ. ಜೇನಿನಂತಹ, ಸಕ್ಕರೆ ಹೆಚ್ಚಿರುವ ಪದಾರ್ಥವನ್ನು 105 ಡಿಗ್ರಿಯಲ್ಲಿ ಇಟ್ಟರೆ ಸಕ್ಕರೆಯೇ ಒಡೆದು ನೀರು ಬಿಡತೊಡಗುತ್ತದೆ, ತೂಕ ಎಂದಿಗೂ ಸ್ಥಿರವಾಗುವುದಿಲ್ಲ. ಅಂಥವುಗಳಿಗೆ ಗಾಳಿ ತೆಗೆದ ಓವನ್‌ನಲ್ಲಿ 70 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಬೇಕಾಗುತ್ತದೆ.

ಈಗ ಬೂದಿ. ಪಿಂಗಾಣಿ ಕ್ರೂಸಿಬಲ್‌ಗಳನ್ನು ಮಫಲ್ ಫರ್ನೇಸ್‌ನಲ್ಲಿ 550 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಆರಿಸಿ, ತೂಗಿದೆ. ಗುರುತಿಗೆ ಪೆನ್ನಿನ ಶಾಯಿ ಉಳಿಯುವುದಿಲ್ಲ. ಫೆರಿಕ್ ಕ್ಲೋರೈಡ್ ದ್ರಾವಣದಿಂದ ಅಂಕಿ ಬರೆದು ಸುಟ್ಟರೆ ಅದು ಕೆಂಗಂದು ಬಣ್ಣಕ್ಕೆ ತಿರುಗಿ ಪಿಂಗಾಣಿಗೆ ಅಂಟಿಕೊಳ್ಳುತ್ತದೆ. ಒಂದೊಂದರಲ್ಲಿ ಸುಮಾರು 3 ಗ್ರಾಂ ಹಿಟ್ಟು ಹಾಕಿ, ಹೊಗೆ ಹೀರುವ ಕಪಾಟಿನೊಳಗೆ ಹಾಟ್ ಪ್ಲೇಟ್ ಮೇಲೆ ಮೆಲ್ಲಗೆ ಕರಿ ಮಾಡಿದೆ. ಹೊಗೆ ಪೂರ್ತಿ ನಿಲ್ಲುವ ಮುನ್ನ ಫರ್ನೇಸ್‌ಗೆ ಇಟ್ಟರೆ ಹಿಟ್ಟು ಹೊತ್ತಿಕೊಂಡು, ಜ್ವಾಲೆಯೊಡನೆ ನುಣುಪಾದ ಬೂದಿಯೂ ಹಾರಿಹೋಗುತ್ತದೆ. ನಂತರ 550 ಡಿಗ್ರಿಯಲ್ಲಿ ಆರು ಗಂಟೆ ಇಟ್ಟು, ಫರ್ನೇಸ್ 200 ಡಿಗ್ರಿಗಿಂತ ಕೆಳಗಿಳಿದ ಮೇಲೆ ಉದ್ದ ಇಕ್ಕಳದಿಂದ ತೆಗೆದು ಡೆಸಿಕೇಟರ್‌ಗೆ ಸಾಗಿಸಿದೆ. ಡೆಸಿಕೇಟರ್ ಮುಚ್ಚಳವನ್ನು ಮತ್ತೆ ತೆಗೆಯುವಾಗ ಕೂದಲೆಳೆಯಷ್ಟೇ ಸರಿಸಿ ಗಾಳಿ ನಿಧಾನವಾಗಿ ಒಳಹೋಗಲು ಬಿಡಬೇಕು. ಒಮ್ಮೆಲೇ ಎಳೆದರೆ ನುಗ್ಗುವ ಗಾಳಿಗೆ ಬೂದಿ ಚೆಲ್ಲುತ್ತದೆ.

ಇಲ್ಲಿ ತೂಗುವುದು ಎಷ್ಟು ಸೂಕ್ಷ್ಮ ಎಂದರೆ, 3 ಗ್ರಾಂ ಹಿಟ್ಟಿನಿಂದ ಉಳಿಯುವ ಬೂದಿ 0.05 ಗ್ರಾಂಗೂ ಕಡಿಮೆ. ತೇವಾಂಶದಲ್ಲಿ ಲೆಕ್ಕಕ್ಕೇ ಬಾರದ ಒಂದು ಮಿಲಿಗ್ರಾಂ ಇಲ್ಲಿ ಬೂದಿಯ ಐವತ್ತರಲ್ಲಿ ಒಂದು ಪಾಲು. ಎರಡು ಕ್ರೂಸಿಬಲ್‌ಗಳ ಲೆಕ್ಕ:

ಕ್ರೂಸಿಬಲ್ 1: ಹಿಟ್ಟು 34.4513 − 31.4285 = 3.0228 ಗ್ರಾಂ
ಬೂದಿ 31.4762 − 31.4285 = 0.0477 ಗ್ರಾಂ
0.0477 ÷ 3.0228 × 100 = ಶೇ. 1.58

ಕ್ರೂಸಿಬಲ್ 2: ಹಿಟ್ಟು 33.8697 − 30.8716 = 2.9981 ಗ್ರಾಂ
ಬೂದಿ 30.9254 − 30.8716 = 0.0538 ಗ್ರಾಂ
0.0538 ÷ 2.9981 × 100 = ಶೇ. 1.79

ಆರಂಭದಲ್ಲಿ ಹೇಳಿದ ಜೋಡಿ ಇದು. ಹಳೆಯ ವರದಿಯ ಅಂಕಿಗೆ ಒಂದು ಹೊಂದಿಕೊಂಡಿತು ಎಂಬ ಸಮಾಧಾನದಲ್ಲಿ ಮೊದಲನೆಯದನ್ನು ಮತ್ತೆ ಮಾಡಲು ಹೊರಟಿದ್ದೆ. ಬೂದಿಯನ್ನು ಚೆಲ್ಲುವ ಮುನ್ನ ಕಿಟಕಿಯ ಬೆಳಕಿಗೆ ಎರಡನ್ನೂ ಹಿಡಿದು ನೋಡಿದಾಗ ಮೇಲ್ಮೈ ಎರಡರಲ್ಲೂ ಬೂದುಬಿಳಿ. ಆದರೆ ಎರಡನೆಯದನ್ನು ಸ್ವಲ್ಪ ವಾಲಿಸಿದರೆ ಪದರದ ಅಡಿಯಲ್ಲಿ ನೆರಳಿನಂತಹ ಕಪ್ಪು ಕಂಡಿತು. ಒಂದೆರಡು ಹನಿ ಬಟ್ಟಿ ಇಳಿಸಿದ ನೀರನ್ನು ಗೋಡೆಯ ಗುಂಟ ಇಳಿಸಿದೆ. ಬೂದಿ ಕುಸಿಯಿತು, ಕಪ್ಪು ಕಣಗಳು ಮೇಲೆ ತೇಲಿದವು. ಅದು ಬೂದಿಯಲ್ಲ, ಸುಡದೆ ಉಳಿದ ಇಂಗಾಲ.

ಕಾರಣ ಎರಡು. ಎರಡನೆಯ ಕ್ರೂಸಿಬಲ್ ಫರ್ನೇಸ್‌ನ ಬಾಗಿಲ ಬಳಿ ಇತ್ತು, ಅಲ್ಲಿ ಶಾಖ ಒಳಗಿನಷ್ಟು ಇರುವುದಿಲ್ಲ. ಜೊತೆಗೆ ಧಾನ್ಯದ ಬೂದಿಯಲ್ಲಿ ಪೊಟ್ಯಾಸಿಯಂ, ರಂಜಕದ ಲವಣಗಳು ಹೆಚ್ಚು; ಅವು ಕರಗಿ ಇಂಗಾಲದ ಕಣಗಳ ಮೇಲೆ ಗಾಜಿನಂತಹ ಹೊದಿಕೆಯಾದರೆ ಗಾಳಿ ಒಳಗೆ ತಲುಪುವುದಿಲ್ಲ. ಇಂಥಲ್ಲಿ ಶಾಖ ಹೆಚ್ಚಿಸುವುದೇ ಮೊದಲು ಹೊಳೆಯುವ ಉಪಾಯ, ಆದರೆ ಅದು ಕೆಟ್ಟ ಉಪಾಯ: ಲವಣ ಇನ್ನಷ್ಟು ಕರಗುತ್ತದೆ, 600 ಡಿಗ್ರಿಯ ಮೇಲೆ ಕ್ಲೋರೈಡ್‌ಗಳು ಆವಿಯಾಗಿಯೂ ಹೋಗತೊಡಗುತ್ತವೆ. ನೀರಿನ ಹನಿ ಮಾಡುವ ಕೆಲಸ ಬೇರೆ; ಲವಣದ ಹೊದಿಕೆಯನ್ನು ಕರಗಿಸಿ ಇಂಗಾಲವನ್ನು ಹೊರಗೆ ತೋರಿಸುತ್ತದೆ. ಹಾಗೆ ತೇವ ಮಾಡಿದ ಕ್ರೂಸಿಬಲ್ ಅನ್ನು ಹಾಟ್ ಪ್ಲೇಟ್ ಮೇಲೆ ಸಿಡಿಯದಂತೆ ಒಣಗಿಸಿ, ಫರ್ನೇಸ್‌ನ ನಡುವೆ ಇಟ್ಟು, 550 ಡಿಗ್ರಿಯಲ್ಲೇ ಇನ್ನೂ ಎರಡು ಗಂಟೆ ಸುಟ್ಟೆ. ಮೊದಲನೆಯದಕ್ಕೂ ಅದೇ ಉಪಚಾರ ಮಾಡಿದೆ. ಅದರ ತೂಕ ನಾಲ್ಕನೆಯ ದಶಮಾಂಶದಲ್ಲಿ ಒಂದು ಅಂಕಿಯಷ್ಟು ಮಾತ್ರ ಅಲುಗಿತು, ಎರಡನೆಯದು 30.9254 ರಿಂದ 30.9191 ಗ್ರಾಂಗೆ ಇಳಿಯಿತು. ಬೂದಿ ಈಗ 0.0475 ಗ್ರಾಂ, ಶೇ. 1.58. ಹೋದ 6.3 ಮಿಲಿಗ್ರಾಂ ಪೂರ್ತಿ ಇಂಗಾಲ.

ಹಾಗಾದರೆ ಹಳೆಯ ವರದಿಯ 1.79 ತಪ್ಪೇ? ಅಲ್ಲ. ಆ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಒಣ ಆಧಾರದ ಮೇಲೆ’ ಎಂದಿತ್ತು, ನಾನು ಓದಿರಲಿಲ್ಲ. ನನ್ನ ಅಂಕಿ ತೇವವೂ ಸೇರಿದ, ಇದ್ದ ಹಾಗಿನ ಹಿಟ್ಟಿಗೆ ಸಂಬಂಧಿಸಿದ್ದು. ನೂರು ಗ್ರಾಂ ಹಿಟ್ಟಿನಲ್ಲಿ ಒಣ ಪದಾರ್ಥ ಇರುವುದು 88.52 ಗ್ರಾಂ ಮಾತ್ರ. ಬೂದಿಯೆಲ್ಲ ಅದರಿಂದಲೇ ಬಂದಿದೆ. ಆದ್ದರಿಂದ:

ಒಣ ಆಧಾರದ ಬೂದಿ = 1.581 × 100 ÷ (100 − 11.48) = ಶೇ. 1.79

ಇಲ್ಲಿ ಎರಡು ಕ್ರೂಸಿಬಲ್‌ಗಳ ಸರಾಸರಿಯನ್ನು 1.581 ಎಂದು ಮೂರು ದಶಮಾಂಶಕ್ಕೆ ಇಟ್ಟುಕೊಂಡದ್ದು ಉದ್ದೇಶಪೂರ್ವಕ. ಮೊದಲೇ 1.58 ಎಂದು ಕತ್ತರಿಸಿ ಭಾಗಿಸಿದರೆ 1.78 ಬರುತ್ತದೆ. ನಡುವೆ ಅಂಕಿ ಕತ್ತರಿಸದೆ ಕೊನೆಯಲ್ಲಿ ಒಮ್ಮೆ ಮಾತ್ರ ಕತ್ತರಿಸುವುದು ಒಳ್ಳೆಯದು.

ಹೀಗೆ ಸುಡದ ಇಂಗಾಲದಿಂದ ಬಂದ ತಪ್ಪು 1.79, ಬೇರೆ ಆಧಾರದ ಮೇಲೆ ಸರಿಯಾಗಿದ್ದ 1.79 ಜೊತೆ ಕಾಕತಾಳೀಯವಾಗಿ ಹೊಂದಿಕೊಂಡಿತ್ತು. ವರದಿಯಲ್ಲಿ ಈಗ ಬೂದಿಗೆ ಎರಡು ಸಾಲು ಬರೆಯುತ್ತೇನೆ: ಇದ್ದ ಹಾಗಿನ ಹಿಟ್ಟಿನಲ್ಲಿ ಶೇ. 1.58, ಒಣ ಆಧಾರದ ಮೇಲೆ ಶೇ. 1.79, ಪಕ್ಕದಲ್ಲೇ ತೇವಾಂಶ ಶೇ. 11.48 ಮತ್ತು ಒಣಗಿಸಿದ ಶಾಖ 105 ಡಿಗ್ರಿ. ಕಾರ್ಬೋಹೈಡ್ರೇಟನ್ನು ನೂರರಿಂದ ತೇವಾಂಶ, ಬೂದಿ, ಪ್ರೋಟೀನ್, ಕೊಬ್ಬು ಮತ್ತು ನಾರನ್ನು ಕಳೆದು ಪಡೆಯುವಾಗ ಬಳಸಬೇಕಾದದ್ದು ಮೊದಲ ಸಾಲನ್ನು. ಅಲ್ಲಿ ಎರಡನೆಯ ಸಾಲು ನುಸುಳಿದರೆ ಶೇ. 0.21 ರಷ್ಟು ಕಾರ್ಬೋಹೈಡ್ರೇಟ್ ಸದ್ದಿಲ್ಲದೆ ಕಾಣೆಯಾಗುತ್ತದೆ.