ವಿಟಮಿನ್‌ಗೆ ಸಿಕ್ಕ ಹುಸಿ ಕೀರ್ತಿ: ಕ್ಲಿನಿಕ್‌ನ ಒಂದು ಅನುಭವ

ಜಯನಗರದ ನನ್ನ ಕ್ಲಿನಿಕ್‌ಗೆ ಕಳೆದ ವರ್ಷ 43 ವರ್ಷದ ಲೆಕ್ಕಪರಿಶೋಧಕರೊಬ್ಬರು ಬಂದರು. ಶುದ್ಧ ಸಸ್ಯಾಹಾರಿ, ದಿನವಿಡೀ ಕಚೇರಿಯೊಳಗಿನ ಕೆಲಸ. ಒಂದೂವರೆ ವರ್ಷದಿಂದ ನಿಮಿರುವಿಕೆ ಮೆಲ್ಲಮೆಲ್ಲನೆ ಕುಗ್ಗಿತ್ತು. ಆರೋಗ್ಯ ತಪಾಸಣೆಯ ಪ್ಯಾಕೇಜ್‌ನ ವರದಿಯಲ್ಲಿ ವಿಟಮಿನ್ ಡಿ 11, ಬಿ12 148, ಪುರುಷ ಹಾರ್ಮೋನ್ ಟೆಸ್ಟೋಸ್ಟೆರಾನ್ 262 ಎಂದಿತ್ತು. ಮೂರರ ಪಕ್ಕದಲ್ಲೂ 'ಕಡಿಮೆ' ಎಂಬ ಗುರುತು. ಡಿ ಪುಡಿಯ ಪೊಟ್ಟಣ, ಬಿ12 ಮತ್ತು 50 ಮಿಲಿಗ್ರಾಂ ಸತುವಿನ ಮಾತ್ರೆಗಳನ್ನು ಅವರು ಆಗಲೇ ಕೊಂಡು ತಂದಿದ್ದರು.

"ಇವೆಲ್ಲ ಸರಿಯಾದರೆ ಅದೂ ಸರಿಹೋಗುತ್ತದೆ ಅಲ್ಲವೇ ಡಾಕ್ಟರೇ?" ಎಂದು ತಲೆ ತಗ್ಗಿಸಿಕೊಂಡೇ ಕೇಳಿದರು.

ಹತ್ತು ವರ್ಷದ ಹಿಂದಾಗಿದ್ದರೆ ನಾನು ಹೌದು ಎನ್ನುತ್ತಿದ್ದೆ. ಆಗ ವಿಟಮಿನ್ ಕೊಟ್ಟು, ಮೂರು ತಿಂಗಳಾದ ಮೇಲೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಸುತ್ತಿದ್ದೆ. ಟೆಸ್ಟೋಸ್ಟೆರಾನ್ ಹಲವರಲ್ಲಿ ಏರಿರುತ್ತಿತ್ತು, ನಾನು ವಿಟಮಿನ್ ಫಲಿಸಿತೆಂದು ನಂಬುತ್ತಿದ್ದೆ. ಮೊದಲ ರಕ್ತವನ್ನು ಯಾವ ಹೊತ್ತಿನಲ್ಲಿ ತೆಗೆದಿದ್ದಾರೆ ಎಂದು ನೋಡುತ್ತಲೇ ಇರಲಿಲ್ಲ. ಟೆಸ್ಟೋಸ್ಟೆರಾನ್ ಮುಂಜಾನೆ ಹೆಚ್ಚಿದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ. ಊಟ ಮಾಡಿದ ಮೇಲೂ ತಾತ್ಕಾಲಿಕವಾಗಿ ಇಳಿಯುತ್ತದೆ. ಹೊತ್ತು ಬದಲಾದದ್ದರಿಂದ ಏರಿದ ಸಂಖ್ಯೆಯ ಕೀರ್ತಿಯನ್ನು ನಾನು ಮಾತ್ರೆಗೆ ಕೊಡುತ್ತಿದ್ದೆ.

ಇವರ ವರದಿಯಲ್ಲಿ ರಕ್ತ ತೆಗೆದ ಸಮಯ ಸಂಜೆ 4.10 ಎಂದಿತ್ತು. ಅದಕ್ಕೆ ಮೊದಲು ಊಟವೂ ಆಗಿತ್ತು. ಹಾಗಾಗಿ ಮಾತ್ರೆಗಳನ್ನು ಬದಿಗಿರಿಸಲು ಹೇಳಿ, ಮರುಪರೀಕ್ಷೆಯನ್ನೇ ಮೊದಲು ಬರೆದೆ: ಬೆಳಗ್ಗೆ 8 ಗಂಟೆಗೆ, ಖಾಲಿ ಹೊಟ್ಟೆಯಲ್ಲಿ, ವಾರದ ಅಂತರದಲ್ಲಿ ಎರಡು ಸಲ. ಕೂದಲು ಉದುರುವುದಕ್ಕೆಂದು ಅವರು ಬಯೋಟಿನ್ ಮಾತ್ರೆಯನ್ನೂ ನುಂಗುತ್ತಿದ್ದರು. ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಟೆಸ್ಟೋಸ್ಟೆರಾನ್ ಇರುವುದಕ್ಕಿಂತ ಹೆಚ್ಚು ತೋರಿಸುವಂತೆ ಮಾಡಬಲ್ಲದು, ಆದ್ದರಿಂದ ಅದನ್ನು ಮೂರು ದಿನ ಮೊದಲೇ ನಿಲ್ಲಿಸಿದೆವು. ಬಂದ ಫಲಿತಾಂಶ 371 ಮತ್ತು 388. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಇಟ್ಟಿರುವ ಕೆಳಗಡಿ 300. ಒಂದು ಮಾತ್ರೆಯನ್ನೂ ನುಂಗದೆ ಅವರ ಟೆಸ್ಟೋಸ್ಟೆರಾನ್ 'ಸರಿಯಾಗಿತ್ತು'.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? 2011ರ ಒಂದು ಸಣ್ಣ ಅಧ್ಯಯನದಲ್ಲಿ ವರ್ಷವಿಡೀ ವಿಟಮಿನ್ ಡಿ ಪಡೆದ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಏರಿತ್ತು. ಮುಂದೆ ಆಸ್ಟ್ರಿಯಾದಲ್ಲಿ ಅದನ್ನು ಪರೀಕ್ಷಿಸಲೆಂದು ನಡೆಸಿದ ಪ್ರಯೋಗಗಳಲ್ಲಿ, ಟೆಸ್ಟೋಸ್ಟೆರಾನ್ ಕಡಿಮೆ ಇದ್ದವರಲ್ಲೂ, ಆ ಏರಿಕೆ ಕಾಣಲಿಲ್ಲ. ಸತುವಿನ ಮಾತು ಬೇರೆ. 1996ರಲ್ಲಿ ಕೆಲವೇ ಯುವಕರಿಗೆ ತಿಂಗಳುಗಟ್ಟಲೆ ಸತು ಕಡಿಮೆ ಇರುವ ಆಹಾರ ಕೊಟ್ಟಾಗ ಟೆಸ್ಟೋಸ್ಟೆರಾನ್ ತೀವ್ರವಾಗಿ ಕುಸಿಯಿತು. ನಿಜವಾದ ಕೊರತೆಯನ್ನು ತುಂಬಿದರೆ ಫಲವಿದೆ ಎಂದು ನಾನು ಒಪ್ಪುತ್ತೇನೆ. ಕೊರತೆಯೇ ಇಲ್ಲದವನಿಗೆ ಕೊಟ್ಟರೆ ಏರುತ್ತದೆ ಎಂದು ಅದರಿಂದ ಹೇಳಲಾಗದು. ದೀರ್ಘಕಾಲದ ಭೇದಿ, ಕರುಳಿನ ಶಸ್ತ್ರಚಿಕಿತ್ಸೆ, ವಿಪರೀತ ಕುಡಿತ ಇದ್ದವರಲ್ಲಿ ಮಾತ್ರ ನಾನು ಸತುವನ್ನು ಅನುಮಾನಿಸುತ್ತೇನೆ. ರಕ್ತದ ಸತು ಸೋಂಕಿನಿಂದಲೂ ಊಟದಿಂದಲೂ ಇಳಿಯುವುದರಿಂದ ಆ ಒಂದು ಸಂಖ್ಯೆಯನ್ನು ನೆಚ್ಚಿಕೊಳ್ಳಲಾಗದು. ಇವರಿಗೆ ಅಂಥದ್ದೇನೂ ಇರಲಿಲ್ಲ. ದಿನಕ್ಕೆ 50 ಮಿಲಿಗ್ರಾಂ ತಿಂಗಳುಗಟ್ಟಲೆ ನುಂಗಿದರೆ ದೇಹದ ತಾಮ್ರ ಕುಸಿದು ರಕ್ತಹೀನತೆ, ನರದ ತೊಂದರೆ ಬರಬಹುದು. ಆ ಡಬ್ಬಿ ಬೇಡವೆಂದೆ.

ಬಿ12 ತುಂಬಿದರೆ ಟೆಸ್ಟೋಸ್ಟೆರಾನ್ ಏರುತ್ತದೆ ಎಂಬುದಕ್ಕೆ ನಂಬಬಹುದಾದ ಆಧಾರವಿಲ್ಲ. ಆದರೂ ಅದನ್ನು ಕೊಟ್ಟೆ, ಏಕೆಂದರೆ ಅವರ ಪಾದಗಳು ಜುಮುಗುಟ್ಟುತ್ತಿದ್ದವು. ಸಸ್ಯಾಹಾರಿಗಳು, ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಳಿಂದ ನುಂಗುವವರು, ಜೋಮು ಇರುವವರು ಬಿ12 ಪರೀಕ್ಷೆ ಮಾಡಿಸುವುದು ಸರಿ. ಡಿ ಪುಡಿಯನ್ನು ವಾರಕ್ಕೊಂದರಂತೆ 60,000 ಯೂನಿಟ್, ಎಂಟು ವಾರ ಎಂದು ಬರೆದುಕೊಟ್ಟು, 'ವಾರಕ್ಕೆ' ಎಂಬ ಪದಕ್ಕೆ ಅಡಿಗೆರೆ ಎಳೆದೆ. ಅದನ್ನು ದಿನಾ ನುಂಗಿ, ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲದಿಂದ ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ.

ಮೂಲ ಕಾರಣ ಪ್ಯಾಕೇಜ್ ನೋಡದ ಕಡೆ ಇತ್ತು. ಬೆಳಗಿನ ತಾನಾಗಿ ಬರುವ ನಿಮಿರುವಿಕೆಯೂ ಕುಗ್ಗಿತ್ತು, ಆಸೆ ಮಾತ್ರ ಹಾಗೇ ಇತ್ತು. ಇದು ರಕ್ತನಾಳ ಅಥವಾ ನರದ ಕಡೆಗೆ ಬೊಟ್ಟು ಮಾಡುತ್ತದೆ. ಆಸೆಯೇ ಬತ್ತಿದ್ದರೆ ಟೆಸ್ಟೋಸ್ಟೆರಾನ್ ಮೇಲೆ ನನಗೆ ಹೆಚ್ಚು ಅನುಮಾನ ಬರುತ್ತಿತ್ತು. ರಕ್ತದೊತ್ತಡ 148/94, ಮೂರು ತಿಂಗಳ ಸರಾಸರಿ ಸಕ್ಕರೆ 7.6. ಮಧುಮೇಹ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು; ಹಾಗಾಗಿ ತೊಂದರೆ ಅಲ್ಲಿ ಮೊದಲು ಕಾಣಿಸಬಹುದು. ಸಕ್ಕರೆ ಮತ್ತು ರಕ್ತದೊತ್ತಡಕ್ಕೆ ಔಷಧ, ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ನಡಿಗೆ. ಹೃದಯದ ತಪಾಸಣೆ ಮುಗಿದು, ಎದೆನೋವಿಗೆ ಕೊಡುವ ನೈಟ್ರೇಟ್ ಔಷಧವನ್ನು ಅವರು ನುಂಗುತ್ತಿಲ್ಲವೆಂದು ಖಚಿತವಾದ ಮೇಲೆ, ನಿಮಿರುವಿಕೆಗೆ ನೆರವಾಗುವ ಟಾಡಾಲಾಫಿಲ್ ಮಾತ್ರೆ.

ನಾಲ್ಕು ತಿಂಗಳ ನಂತರ ಡಿ 31, ಬಿ12 410, ಸರಾಸರಿ ಸಕ್ಕರೆ 6.5. ಪಾದದ ಜೋಮು ಬಹುಮಟ್ಟಿಗೆ ಇಳಿದಿತ್ತು. ನಿಮಿರುವಿಕೆ ಸುಧಾರಿಸಿತ್ತು, ಟಾಡಾಲಾಫಿಲ್ ಇಲ್ಲದ ದಿನವೂ ಕೆಲವೊಮ್ಮೆ. ಅದೇ ಬೆಳಗಿನ 8 ಗಂಟೆಗೆ ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್ 379. ಮೆಟ್‌ಫಾರ್ಮಿನ್ ಶುರುವಾಗಿರುವುದರಿಂದ ಬಿ12 ಅನ್ನು ಇನ್ನು ವರ್ಷಕ್ಕೊಮ್ಮೆ ನೋಡುತ್ತೇವೆ.